ತೂತು ಬಿದ್ದ ಚಂದ್ರ

ನಿನ್ನೆ ಬೆಳಗಿನ ಜಾವ ಚಂದ್ರಗ್ರಹಣದ ಕನಸು ಬಿತ್ತು. ಅತ್ತೆಗೆ ಹೇಳಿದೆ. "ಗ್ರಹಣ ಕಂಡರೆ ಒಳ್ಳೇದಲ್ಲ, ತಲೆಗೆ ನೀರು ಹಾಕ್ಕೊಂಡು ದೇವರಿಗೆ ದೀಪ ಹಚ್ಚಮ್ಮ" ಅಂದರು. ತುಂಬಿದ ಚಂದ್ರ ಕಂಡರೆ ಶುಭ, ಗ್ರಹಣ ಹಿಡಿದರೆ ಕೇಡು ಅನ್ನೋದು ನಮ್ಮ ಕಡೆಯ ಹಳೇ ನಂಬಿಕೆ.

ಜಾವದ ಕನಸು ನಿಜವಾಗುತ್ತದೆ ಅಂತಲೂ ಹೇಳುತ್ತಾರೆ ಅಲ್ವಾ? ಕನಸು ಜಾಸ್ತಿ ಬೀಳುವ ನಿದ್ದೆ ರಾತ್ರಿಯ ಕೊನೇ ಭಾಗದಲ್ಲೇ ಉದ್ದವಾಗಿರುತ್ತದೆ. ಅದರ ನಡುವೆಯೇ ಎಚ್ಚರವಾದರೆ ಕನಸು ಅಚ್ಚೊತ್ತಿದ ಹಾಗೆ ನೆನಪಿರುತ್ತದೆ. ಆ ನಂಬಿಕೆಗೆ ಬಲ ಬಂದದ್ದು ಇದರಿಂದಲೇ ಇರಬೇಕು.

ಆಮೇಲೆ ಶ್ರವಣಬೆಳಗೊಳದ ಕಥೆ ನೆನಪಾಯಿತು. ಚಂದ್ರಗುಪ್ತ ಮೌರ್ಯನಿಗೆ 16 ಕನಸು ಬಿದ್ದವಂತೆ. ಮುಳುಗುವ ಸೂರ್ಯ, ಜರಡಿಯಂತೆ ತೂತು ಬಿದ್ದ ಚಂದ್ರ, 12 ಹೆಡೆಯ ಹಾವು. ಭದ್ರಬಾಹು ಮುನಿಗಳು ಅರ್ಥ ಹೇಳಿದರು: ಸೂರ್ಯ ಮುಳುಗಿದ್ದು ಅರಿವು ಕುಂದುವುದಕ್ಕೆ, ಚಂದ್ರನ ತೂತು ಧರ್ಮ ಒಡೆದು ಪಂಗಡಗಳಾಗುವುದಕ್ಕೆ, ಹಾವು 12 ವರ್ಷದ ಬರಕ್ಕೆ. ಇವರಿಬ್ಬರ ಕಥೆಯನ್ನು ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯ ಜಾಲಂಧ್ರಗಳಲ್ಲಿ, ಅಂದರೆ ತೂತು ಕೊರೆದ ಕಲ್ಲಿನ ಪರದೆಗಳಲ್ಲಿ, ಪುಟ್ಟ ಪುಟ್ಟ ಚೌಕಗಳಾಗಿ ಕೆತ್ತಿದ್ದಾರೆ.

ನನಗೆ ಹಿಡಿಸಿದ್ದು ಆ ತೂತು ಚಂದ್ರ. ಮನೆಯಲ್ಲಿ ಅಣ್ಣತಮ್ಮಂದಿರು ಪಾಲಿನ ಮಾತು ಎತ್ತಿದಾಗಿನಿಂದ ನನ್ನ ಮನಸ್ಸೂ ಹಾಗೇ ಇದೆ. ಒಂದು ವಾರ ಸರಿ ಇರುತ್ತದೆ, ಮತ್ತೆ ಕವಿದುಕೊಳ್ಳುತ್ತದೆ. ಕನಸು ಮುಂದಾಗುವುದನ್ನು ಹೇಳಿತು ಅಂತ ನನಗನ್ನಿಸುವುದಿಲ್ಲ. ಒಳಗೆ ಆಗಲೇ ಇದ್ದ ಭಯವನ್ನೇ ತೋರಿಸಿತು. ಅತ್ತೆ ಹೇಳಿದ ಹಾಗೆ ದೀಪ ಮಾತ್ರ ಹಚ್ಚಿದೆ. ಇವತ್ತು ಸಂಜೆ ಅಣ್ಣನಿಗೆ ಫೋನ್ ಮಾಡುತ್ತೇನೆ.