ಐದನೇ ತಾರೀಕು ರಾತ್ರಿ

ಅಣ್ಣನ ಮಗಳಿಗೆ ನ್ಯೂಜೆರ್ಸಿಯಿಂದ ಒಂದು ಸಂಬಂಧ ಬಂತು. ಹುಡುಗನ ಅಪ್ಪ-ಅಮ್ಮ ನಮ್ಮ ಕಡೆಯವರೇ. ಹುಡುಗ ಮಾತ್ರ ಅಲ್ಲೇ ಹುಟ್ಟಿ ಬೆಳೆದವನು, ಕನ್ನಡ ಓದಲು ಬರುವುದಿಲ್ಲ. ‘ಇಂಗ್ಲಿಷಲ್ಲಿ ಬಯೋಡೇಟಾ ಕಳಿಸಿ’ ಅಂದರಂತೆ. ಅತ್ತಿಗೆ ಒಂದು ಹಾಳೆ ತಂದು ನನ್ನ ಮುಂದಿಟ್ಟರು. ಮೇಲೆ ‘ಶ್ರೀ ಗಣೇಶಾಯ ನಮಃ’, ಕೆಳಗೆ ಅಣ್ಣನ ಗುಂಡಗಿನ ಅಕ್ಷರ. ಅರ್ಧ ಗಂಟೆ ಕೆಲಸ ಅಂದುಕೊಂಡೆ.

ಮೊದಲು ತೊಡಕಾಗಿದ್ದು ಓದಿನ ಸಾಲು. ‘ಡಿಪ್ಲೊಮಾ, ಬಿ.ಇ.’ ಅಂತ ಬರೆದಿತ್ತು. ನಮಗೆ ಅಷ್ಟು ಸಾಕು. ಆದರೆ ಅಮೆರಿಕದಲ್ಲಿ ಬರೀ ಡಿಪ್ಲೊಮಾ ಅಂದರೆ ಹೈಸ್ಕೂಲು ಮುಗಿಸಿದ್ದು ಅಂತಲೂ ತಿಳಿಯುತ್ತಾರೆ. ಜೊತೆಗೆ ಇವಳು ಬಿ.ಇ. ಸೇರಿದ್ದು 2016ರಲ್ಲಿ, ಮುಗಿಸಿದ್ದು 2019ರಲ್ಲಿ. ನಾಲ್ಕು ವರ್ಷದ ಕೋರ್ಸು ಮೂರೇ ವರ್ಷಕ್ಕೆ ಹೇಗೆ ಮುಗೀತು ಅಂತ ಅನುಮಾನ ಬರುತ್ತೆ, ಅಲ್ವಾ? ಅದಕ್ಕೇ ಬಿಡಿಸಿ ಬರೆದೆ: ಹತ್ತನೇ ಕ್ಲಾಸಾದ ಮೇಲೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ, ಅಲ್ಲಿಂದ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಬಿ.ಇ. ಎರಡನೇ ವರ್ಷಕ್ಕೆ.

74 ಪರ್ಸೆಂಟನ್ನು ಅಲ್ಲಿನ ಜಿಪಿಎಗೆ ತಿರುಗಿಸು ಅಂದ ಅಣ್ಣ. ನಾನು ಒಪ್ಪಲಿಲ್ಲ. ಅಲ್ಲಿನ ಕಣ್ಣಿಗೆ 74 ಅಂದರೆ ಸಿ ಗ್ರೇಡು. ಮಾರ್ಕ್ಸ್ ಕಾರ್ಡಲ್ಲಿ ಇದ್ದ ಹಾಗೇ ‘ಫಸ್ಟ್ ಕ್ಲಾಸ್ ವಿತ್ ಡಿಸ್ಟಿಂಕ್ಷನ್’ ಅಂತ ಪಕ್ಕದಲ್ಲಿ ಸೇರಿಸಿದೆ.

ಆಮೇಲೆ ‘ಅಣ್ಣಂದಿರು: ಇಬ್ಬರು’. ಅವಳ ಒಡಹುಟ್ಟಿದ ಅಣ್ಣ ಒಬ್ಬನೇ. ಇನ್ನೊಬ್ಬ ನಮ್ಮ ದೊಡ್ಡಣ್ಣನ ಮಗ. ‘ಕಸಿನ್’ ಅಂತ ಟೈಪ್ ಮಾಡಿದ್ದು ನೋಡಿ ಅತ್ತಿಗೆಗೆ ಸಿಟ್ಟು ಬಂತು.

“ಅವನೇನು ಬೇರೆಯವನಾ? ಇದೇ ಮನೆಯಲ್ಲಿ ಉಂಡು ಬೆಳೆದಿಲ್ವಾ?”

“ಅಲ್ಲ ಅತ್ತಿಗೆ, ಇಬ್ಬರು ಬ್ರದರ್ಸ್ ಅಂತ ಹಾಕಿದರೆ ನಿಮಗೆ ಮೂವರು ಮಕ್ಕಳು ಅಂತ ಲೆಕ್ಕ ಹಾಕ್ತಾರೆ. ನಾಳೆ ಇಬ್ಬರೇ ಅಂತ ಗೊತ್ತಾದರೆ ಸುಳ್ಳು ಹೇಳಿದ ಹಾಗಾಗುತ್ತೆ.”

ಕೊನೆಗೆ ‘ತಂದೆಯ ಅಣ್ಣನ ಮಗ, ಒಂದೇ ಮನೆಯಲ್ಲಿ ಬೆಳೆದವನು’ ಅಂತ ಇಂಗ್ಲಿಷಲ್ಲಿ ಪೂರ್ತಿ ಬರೆದ ಮೇಲೆ ಸುಮ್ಮನಾದರು. ಸಾಲು ಉದ್ದವಾಯಿತು, ಆಗಲಿ.

ಹುಟ್ಟಿದ ದಿನ 5-8-97. ಅಲ್ಲಿ ತಿಂಗಳು ಮೊದಲು ಬರೆಯುತ್ತಾರೆ, ಹಾಗೇ ಬಿಟ್ಟರೆ ಮೇ 8 ಆಗುತ್ತೆ. ತಿಂಗಳನ್ನು ಅಕ್ಷರದಲ್ಲೇ ಬರೆದೆ, ಆಗಸ್ಟ್ ಅಂತ. ಸಮಯ ‘ರಾತ್ರಿ 2.10’ ಅಂತಿತ್ತು, ಅದನ್ನು ಎ.ಎಂ. ಮಾಡಿದೆ. ಜಾಣತನ ಮಾಡಿದೆ ಅಂತ ಬೀಗಿಕೊಂಡೇ ಮೇಲ್ ಕಳಿಸಿದೆ.

ಮೂರು ದಿನ ಬಿಟ್ಟು ಹುಡುಗನ ಅಮ್ಮ ಫೋನ್ ಮಾಡಿದರು. “ಕಂಪ್ಯೂಟರಲ್ಲಿ ಹಾಕಿ ನೋಡಿದ್ವಿ. ನೀವು ಬರೆದಿರೋ ನಕ್ಷತ್ರ ಬರ್ತಾ ಇಲ್ಲ. ಹಿಂದಿನದು ತೋರಿಸ್ತಾ ಇದೆ.”

ಅತ್ತಿಗೆ ಪಕ್ಕದಲ್ಲೇ ಇದ್ದರು. “ಐದನೇ ತಾರೀಕು ರಾತ್ರಿ ನೋವು ಬಂತು. ಊಟ ಆಗಿ ಎಲ್ಲರೂ ಮಲಗಿದ್ದರು. ಆಮೇಲೆ ಎರಡು ಗಂಟೆಗೆ...” ಅಂದವರು ಅಲ್ಲೇ ನಿಂತರು. ಪಂಚಾಂಗಕ್ಕೆ ಸೂರ್ಯ ಹುಟ್ಟುವ ತನಕ ಐದೇ. ಗಡಿಯಾರಕ್ಕೆ ಅದಾಗಲೇ ಆರನೇ ತಾರೀಕು.

“ಆಗಸ್ಟ್ ಆರು ಅಂತ ಹಾಕಿ ನೋಡಿ” ಅಂದೆ. ಆ ಕಡೆ ಕೀಬೋರ್ಡಿನ ಸದ್ದು. “ಹ್ಞಾಂ, ಈಗ ಬಂತು” ಅಂದರು.