ವಿಜಯಪುರದಿಂದ ಬರುವವರಿಗೆ ಬೆಳಗ್ಗೆ 9ರ ಸ್ಲಾಟ್ ಯಾಕೆ ಕೊಡಬಾರದು

ಬೆಳಗಾವಿಯ ಉದ್ಯಮಬಾಗದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ನೇಮಕಾತಿ ನೋಡಿಕೊಳ್ಳುತ್ತೇನೆ. ಅಭ್ಯರ್ಥಿಯನ್ನು ಇಂಟರ್‌ವ್ಯೂಗೆ ಕರೆಯುವ ಮೇಲ್ ನಮ್ಮ ಕೆಲಸದಲ್ಲಿ ಎರಡು ನಿಮಿಷದ ವಿಷಯ ಎಂದು ಬಹಳ ಜನ ತಿಳಿದಿದ್ದಾರೆ. ಆ ಮೇಲ್ ಸರಿಯಿಲ್ಲದ ಕಾರಣಕ್ಕೇ ಒಳ್ಳೆಯ ಹುಡುಗರು ಬಾರದೆ ಉಳಿಯುತ್ತಾರೆ. ಬಾರದವರ ಹೆಸರಿನ ಮುಂದೆ ‘ಆಸಕ್ತಿ ಇಲ್ಲ’ ಎಂದು ಬರೆದು ಫೈಲು ಮುಚ್ಚುತ್ತೇವೆ.

ಇತ್ತೀಚಿನ ಒಂದು ನೇಮಕಾತಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆ. ಅರ್ಜಿಗಳಲ್ಲಿ ನಾಲ್ವರನ್ನು ಆರಿಸಿದ್ದೆವು. ಒಬ್ಬ ವಿಜಯಪುರದವನು, ಈಗಾಗಲೇ ಒಂದು ಕಡೆ ಶಿಫ್ಟ್‌ನಲ್ಲಿ ಕೆಲಸ ಮಾಡುತ್ತಿದ್ದ. ಬಾಗಲಕೋಟೆಯ ಹುಡುಗಿ ಆಗಷ್ಟೇ ಡಿಪ್ಲೊಮಾ ಮುಗಿಸಿದ್ದಳು. ಮೂರನೆಯವನು ಗೋಕಾಕದವನು, ನಾಲ್ಕನೆಯವನ ಮನೆ ಇಲ್ಲೇ ವಡಗಾವಿಯಲ್ಲಿ.

‘ಬುಧವಾರ ಬೆಳಗ್ಗೆ 9ಕ್ಕೆ ಎಲ್ಲರೂ ಬನ್ನಿ’ ಎಂದು ಒಂದೇ ಸಾಲು ಕಳಿಸಬಹುದಿತ್ತು. ವಡಗಾವಿಯ ಹುಡುಗ ನಾಷ್ಟಾ ಮಾಡಿಕೊಂಡು ಬರುತ್ತಾನೆ. ವಿಜಯಪುರದಿಂದ ಬೆಳಗಾವಿಗೆ ಸುಮಾರು 200 ಕಿಲೋಮೀಟರ್, ಬಸ್ಸಿಗೆ ಐದು ತಾಸಿನ ದಾರಿ. ಸಿಬಿಟಿ ಬಸ್ ನಿಲ್ದಾಣದಲ್ಲಿ ಇಳಿದು ಉದ್ಯಮಬಾಗಕ್ಕೆ ಬರಲು ಇನ್ನಷ್ಟು ಹೊತ್ತು. 9ಕ್ಕೆ ಗೇಟಿನಲ್ಲಿರಬೇಕೆಂದರೆ ಅವನು ನಸುಕಿನ ಮೂರರ ಹೊತ್ತಿಗೇ ಹೊರಡಬೇಕು, ಇಲ್ಲವೇ ಹಿಂದಿನ ದಿನವೇ ಬಂದು ಲಾಡ್ಜ್ ಹಿಡಿಯಬೇಕು. ನಿದ್ದೆಗೆಟ್ಟವನ ಕೈಗೆ ಮೈಕ್ರೊಮೀಟರ್ ಕೊಟ್ಟು ನೂರರ ಒಂದು ಭಾಗ ಮಿಲಿಮೀಟರ್ ಓದು ಎಂದರೆ ನಾವು ಅಳೆಯುವುದು ಅವನ ಕೌಶಲವನ್ನಲ್ಲ, ಅವನ ದಣಿವನ್ನು.

ಹೀಗಾಗಿ ಮೇಲ್ ಬರೆಯುವ ಮೊದಲೇ ನನ್ನ ಅರ್ಧ ಕೆಲಸ ಮುಗಿದಿರುತ್ತದೆ. ಮೊದಲು ಇಂಟರ್‌ವ್ಯೂ ಮಾಡುವವರ ಬಳಿ ಹೋಗುತ್ತೇನೆ. ನಮ್ಮಲ್ಲಿ ಅವರು ಕ್ವಾಲಿಟಿ ಮ್ಯಾನೇಜರ್ ಮತ್ತು ಪ್ರೊಡಕ್ಷನ್ ಮುಖ್ಯಸ್ಥರು. ಅಭ್ಯರ್ಥಿಗಳು ನಾಲ್ವರಿದ್ದರೆ ಆರು ಸ್ಲಾಟ್ ಕೇಳಿ, ಅವರ ಕ್ಯಾಲೆಂಡರಿನಲ್ಲಿ ನನ್ನ ಹೆಸರಿನಲ್ಲೇ ಹಿಡಿದಿಡುತ್ತೇನೆ. ‘ಆ ವಾರ ಯಾವಾಗಲಾದರೂ ಕರೀರಿ, ನಾ ಇರ್ತೀನಿ’ ಎನ್ನುವ ಮಾತನ್ನು ನಾನು ಸ್ಲಾಟ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಿರಾಕಿ ಕಂಪನಿಯವರು ಆಡಿಟ್‌ಗೆ ಬಂದರೆ ಆ ಮಾತು ಅಲ್ಲಿಗೇ ಮುಗಿಯಿತು. ಅಭ್ಯರ್ಥಿ ಆರಿಸಿಕೊಂಡ ಮೇಲೆ ನಾವೇ ಹೊತ್ತು ಬದಲಿಸಿದರೆ ಅವನು ಹಾಕಿದ ರಜೆ ವ್ಯರ್ಥ.

ಆಮೇಲೆ ಯಾರಿಗೆ ಮೊದಲು ಕಳಿಸಬೇಕು ಎಂಬ ಪ್ರಶ್ನೆ. ನಾಲ್ವರಿಗೂ ಒಂದೇ ಹೊತ್ತಿಗೆ ಅದೇ ಮೂರು ಸ್ಲಾಟ್ ಕಳಿಸಿದರೆ ಇಬ್ಬರು ಒಂದನ್ನೇ ಆರಿಸುತ್ತಾರೆ. ಆಗ ಒಬ್ಬರಿಗೆ ‘ಅದು ಹೋಯಿತು, ಬೇರೆ ತಗೊಳ್ಳಿ’ ಎನ್ನಬೇಕಾಗುತ್ತದೆ. ಹಾಗಾಗಿ ಯಾರಿಗೆ ಅನುಕೂಲ ಕಡಿಮೆಯೋ ಅವರಿಗೆ ಮೊದಲು ಎಂಬ ಕ್ರಮ ಇಟ್ಟುಕೊಂಡಿದ್ದೇನೆ. ದೂರದವರು, ಈಗಾಗಲೇ ನೌಕರಿಯಲ್ಲಿರುವವರು ಮೊದಲು ಆರಿಸುತ್ತಾರೆ. ಉಳಿದ ಸ್ಲಾಟ್‌ಗಳು ಒಂದು ದಿನದ ನಂತರ ಊರಿನವರಿಗೆ ಹೋಗುತ್ತವೆ. ಇದು ಪಕ್ಷಪಾತ ಎಂದು ಸಹೋದ್ಯೋಗಿಯೊಬ್ಬರು ತಕರಾರು ತೆಗೆದಿದ್ದರು. ಪ್ರಶ್ನೆ, ಪರೀಕ್ಷೆ, ಅಂಕ ಎಲ್ಲರಿಗೂ ಒಂದೇ ಇರುವಾಗ, ಬರುವ ಹೊತ್ತನ್ನು ಆರಿಸುವುದರಲ್ಲಿ ದೂರದವರಿಗೆ ಒಂದು ದಿನ ಮೊದಲು ಅವಕಾಶ ಸಿಕ್ಕರೆ ಯಾರಿಗೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ವಿಜಯಪುರ ಮತ್ತು ಬಾಗಲಕೋಟೆಯವರಿಗೆ ಗುರುವಾರ ಹೋದ ಮೇಲ್ ಹೀಗಿತ್ತು:

“ವಿಷಯ: ಇಂಟರ್‌ವ್ಯೂ ಸಮಯ ಆರಿಸಿ, ಶುಕ್ರವಾರ ಸಂಜೆ 6ರೊಳಗೆ – ಕ್ವಾಲಿಟಿ ಇನ್‌ಸ್ಪೆಕ್ಟರ್, ಬೆಳಗಾವಿ

ನಮಸ್ಕಾರ. ನಿಮ್ಮನ್ನು ಇಂಟರ್‌ವ್ಯೂಗೆ ಆರಿಸಿದ್ದೇವೆ. ಕೆಳಗಿನ ಮೂರರಲ್ಲಿ ನಿಮಗೆ ಹೊಂದುವುದರ ಸಂಖ್ಯೆಯನ್ನಷ್ಟೇ ಬರೆದು ಉತ್ತರಿಸಿದರೆ ಸಾಕು.

1. ಮಂಗಳವಾರ, 14 ಜುಲೈ, ಸಂಜೆ 7:30ರಿಂದ 8:10. ವಿಡಿಯೊ ಕರೆ, 40 ನಿಮಿಷ. ಇದರಲ್ಲಿ ಆಯ್ಕೆಯಾದರೆ ಮಾತ್ರ, ಇನ್ನೊಂದು ದಿನ ಕಾರ್ಖಾನೆಯಲ್ಲಿ ಡ್ರಾಯಿಂಗ್ ಮತ್ತು ಅಳತೆಯ ಪರೀಕ್ಷೆ.

2. ಬುಧವಾರ, 15 ಜುಲೈ, ಬೆಳಗ್ಗೆ 11:30ರಿಂದ ಮಧ್ಯಾಹ್ನ 1:45. ಉದ್ಯಮಬಾಗದ ಕಾರ್ಖಾನೆಯಲ್ಲಿ. ಮಾತುಕತೆ, ಪರೀಕ್ಷೆ ಎರಡೂ ಅದೇ ದಿನ ಮುಗಿಯುತ್ತವೆ.

3. ಶನಿವಾರ, 18 ಜುಲೈ, ಬೆಳಗ್ಗೆ 11:30ರಿಂದ ಮಧ್ಯಾಹ್ನ 1:45. ಸ್ಥಳ, ಕ್ರಮ ಮೇಲಿನಂತೆಯೇ.

ಮೂರೂ ಆಗದಿದ್ದರೆ 4 ಎಂದು ಬರೆದು, ನಿಮಗಾಗುವ ಎರಡು ಸಮಯ ತಿಳಿಸಿ. ಯಾವುದನ್ನು ಆರಿಸಿದರೂ ಪ್ರಶ್ನೆಗಳು ಮತ್ತು ಅಂಕದ ಕ್ರಮ ಒಂದೇ.”

ಇದರಲ್ಲಿ ಸ್ಲಾಟ್, ವಿಧಾನ, ಅವಧಿ ಮೂರನ್ನೂ ಒಂದೇ ಸಂಖ್ಯೆಗೆ ಕಟ್ಟಿದ್ದೇನೆ. ಸಮಯದ ಪಟ್ಟಿಯೊಂದು, ‘ವಿಡಿಯೊನೋ ನೇರವೋ’ ಎಂಬ ಪ್ರಶ್ನೆಯೊಂದು ಎಂದು ಬೇರೆ ಬೇರೆ ಕೇಳಿದರೆ, ಅಭ್ಯರ್ಥಿ ಬುಧವಾರ 11:30ಕ್ಕೆ ವಿಡಿಯೊ ಎಂದು ಬರೆಯುತ್ತಾನೆ. ನಮ್ಮಲ್ಲಿ ಆ ಹೊತ್ತಿಗೆ ವಿಡಿಯೊ ಇರುವುದಿಲ್ಲ. ಅಲ್ಲಿಂದ ಮತ್ತೆ ಎರಡು ಮೂರು ಮೇಲ್. ವಾರ ಮತ್ತು ತಾರೀಖು ಎರಡನ್ನೂ ಬರೆಯುವುದಕ್ಕೂ ಕಾರಣವಿದೆ: ಒಂದು ತಪ್ಪಿ ಬಿದ್ದರೆ ಇನ್ನೊಂದು ಅದನ್ನು ಎತ್ತಿ ತೋರಿಸುತ್ತದೆ, ಓದಿದವರು ಕೂಡಲೇ ಫೋನ್ ಮಾಡಿ ಕೇಳುತ್ತಾರೆ. ‘ಮುಂದಿನ ಬುಧವಾರ’ ಎಂದರೆ ಒಬ್ಬೊಬ್ಬರಿಗೆ ಒಂದೊಂದು ವಾರ.

ಅವಧಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬಹಳಷ್ಟು ಮೇಲ್‌ಗಳಲ್ಲಿ ‘ಇಂಟರ್‌ವ್ಯೂ 40 ನಿಮಿಷ’ ಎಂದಷ್ಟೇ ಇರುತ್ತದೆ. ಅದು ಎದುರಾಬದುರು ಕೂತು ಮಾತಾಡುವ ಹೊತ್ತು ಮಾತ್ರ. ಅಭ್ಯರ್ಥಿಗೆ ಬೇಕಾದ್ದು ಗೇಟ್ ಒಳಗೆ ಬಂದು ಗೇಟ್ ಹೊರಗೆ ಹೋಗುವವರೆಗಿನ ಹೊತ್ತು. ನಮ್ಮಲ್ಲಿ ಗೇಟ್‌ಪಾಸ್ ಮಾಡಿಸಿ ಸೇಫ್ಟಿ ಶೂ ಹಾಕಿಸಲು 15 ನಿಮಿಷ, ಡ್ರಾಯಿಂಗ್ ಓದುವ ಲಿಖಿತ ಪರೀಕ್ಷೆಗೆ 30, ವರ್ನಿಯರ್ ಮತ್ತು ಮೈಕ್ರೊಮೀಟರ್‌ನಲ್ಲಿ ಐದು ಪೀಸ್ ಅಳೆಯಲು 30, ಮಾತುಕತೆಗೆ 40, ನಡುವೆ ಕಾಯುವುದಕ್ಕೆ 20. ಒಟ್ಟು 2 ತಾಸು 15 ನಿಮಿಷ. ಇದನ್ನು ಮೊದಲೇ ಹೇಳಿದರೆ ವಿಜಯಪುರದವನು ಮರಳುವ ಬಸ್ಸನ್ನು ಲೆಕ್ಕ ಹಾಕಿಕೊಳ್ಳುತ್ತಾನೆ. ಅರ್ಧ ದಿನದ ರಜೆ ಹಾಕಿ ಬಂದವನು ಗಡಿಯಾರ ನೋಡುತ್ತ ಉತ್ತರ ಕೊಡುವುದೂ ತಪ್ಪುತ್ತದೆ.

ವಿಡಿಯೊಗೆ ಒಂದು ಮಿತಿ ಇದೆ. ಮೈಕ್ರೊಮೀಟರ್ ಹಿಡಿಯುವ ಕೈ ಕ್ಯಾಮೆರಾದಲ್ಲಿ ಗೊತ್ತಾಗುವುದಿಲ್ಲ. ರ‍್ಯಾಚೆಟ್ ಬಳಸದೆ ಥಿಂಬಲ್ಲನ್ನೇ ಬಿಗಿಯಾಗಿ ತಿರುಗಿಸಿ ಅಳತೆ ತೆಗೆಯುವವರನ್ನು ಎದುರಿಗೆ ನಿಂತೇ ಗುರುತಿಸಬೇಕು. ಆದ್ದರಿಂದ ಕಾರ್ಖಾನೆಗೆ ಬರುವುದನ್ನು ವಿಡಿಯೊ ತಪ್ಪಿಸುವುದಿಲ್ಲ. ಆಯ್ಕೆಯಾಗದವರಿಗೆ 400 ಕಿಲೋಮೀಟರ್ ಓಡಾಟ ಉಳಿಸುತ್ತದೆ. ಆಯ್ಕೆ 1ರಲ್ಲಿ ‘ಆಯ್ಕೆಯಾದರೆ ಮಾತ್ರ, ಇನ್ನೊಂದು ದಿನ’ ಎಂದು ಬರೆದದ್ದು ಅದಕ್ಕೇ. ಅದನ್ನು ಮುಚ್ಚಿಟ್ಟರೆ, ವಿಡಿಯೊದಲ್ಲೇ ಎಲ್ಲ ಮುಗಿಯಿತು ಎಂದುಕೊಂಡವನಿಗೆ ಆಮೇಲೆ ಬೇಜಾರಾಗುತ್ತದೆ. 40 ನಿಮಿಷಕ್ಕೆ ಇನ್ನೊಂದು ಕಾರಣ ಗೂಗಲ್ ಮೀಟ್. ಉಚಿತ ಖಾತೆಯಲ್ಲಿ ಮೂವರು ಅಥವಾ ಹೆಚ್ಚು ಜನ ಸೇರಿದ ಕರೆಗೆ 60 ನಿಮಿಷದ ಮಿತಿ ಇದೆ. ನಮ್ಮ ಇಬ್ಬರು, ಅಭ್ಯರ್ಥಿ ಒಬ್ಬ, ಅಲ್ಲಿಗೆ ಮೂವರಾದರು. ನೆಟ್‌ವರ್ಕ್ ಕೈಕೊಟ್ಟು ಹತ್ತು ನಿಮಿಷ ಹೋದರೂ ಮಾತು ನಡುವೆ ಕಡಿಯುವುದಿಲ್ಲ. ಐದು ನಿಮಿಷ ಪ್ರಯತ್ನಿಸಿಯೂ ವಿಡಿಯೊ ಸೇರದಿದ್ದರೆ ನಾವೇ ಫೋನ್ ಮಾಡುತ್ತೇವೆ ಎಂಬ ಸಾಲನ್ನೂ ಲಿಂಕಿನ ಕೆಳಗೆ ಹಾಕುತ್ತೇನೆ.

ದಾಖಲೆಗಳ ಭಾಗ ಮೇಲ್‌ನ ಕೊನೆಗಿತ್ತು. ಶುಕ್ರವಾರ ಮಧ್ಯಾಹ್ನ ವಿಜಯಪುರದ ಹುಡುಗ ಫೋನ್ ಮಾಡಿದ್ದು ಅದಕ್ಕಾಗಿಯೇ.

“ಮೇಡಂ, ನನ್ನ ಒರಿಜಿನಲ್ ಡಿಪ್ಲೊಮಾ ಸರ್ಟಿಫಿಕೇಟ್ ಈಗಿನ ಕಂಪನ್ಯಾಗ ಇಟಗೊಂಡಾರ್ರಿ. ಅದ ಇಲ್ದ ಬಂದ್ರ ನಡೀತದೇನ್ರಿ?”

“ನಡೀತದಪಾ. ಝೆರಾಕ್ಸ್ ತಗೊಂಡ್ ಬಾ. ಒರಿಜಿನಲ್ ಎಲ್ಲಿ ಐತಿ ಅಂತ ಮೇಲ್‌ನ್ಯಾಗ ಒಂದ ಸಾಲ ಬರದ ಹಾಕು, ಸಾಕು.”

ಒರಿಜಿನಲ್ ಕೈಯಲ್ಲಿಲ್ಲ ಎಂದು ಹೇಳಲು ಹೆದರಿ ಇಂಟರ್‌ವ್ಯೂಗೇ ಬಾರದವರನ್ನು ನಾನು ಬಲ್ಲೆ. ಹೀಗಾಗಿ ದಾಖಲೆಗಳನ್ನು ಎರಡಾಗಿ ಬೇರ್ಪಡಿಸಿ ಬರೆಯುತ್ತೇನೆ: ನಾವು ನೋಡಿ ಅಲ್ಲೇ ವಾಪಸ್ ಕೊಡುವವು, ನಾವು ಇಟ್ಟುಕೊಳ್ಳುವವು. ನೋಡುವುದು ಡಿಪ್ಲೊಮಾದ ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್ ಮತ್ತು ಅಪ್ರೆಂಟಿಸ್ ಆಗಿದ್ದರೆ ಅದರ ಸರ್ಟಿಫಿಕೇಟ್. ಇಟ್ಟುಕೊಳ್ಳುವುದು ರೆಸ್ಯೂಮೆಯ ಒಂದು ಪ್ರತಿ, ಕೊನೆಯ ಮಾರ್ಕ್ಸ್ ಕಾರ್ಡಿನ ಝೆರಾಕ್ಸ್, ಅಷ್ಟೇ. ಒರಿಜಿನಲ್ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯುತ್ತೇನೆ. ಬಾಗಲಕೋಟೆಯ ಹುಡುಗಿಗೆ ಆರನೇ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಇನ್ನೂ ಕೈಸೇರಿರಲಿಲ್ಲ. ಆನ್‌ಲೈನ್ ಫಲಿತಾಂಶದ ಪ್ರಿಂಟ್ ಸಾಕು ಎಂಬ ಸಾಲು ಮೇಲ್‌ನಲ್ಲಿದ್ದುದರಿಂದ ಅವಳು ಫೋನ್ ಮಾಡುವ ಅಗತ್ಯವೇ ಬೀಳಲಿಲ್ಲ.

ಗೇಟಿನಲ್ಲಿ ತೋರಿಸಲು ಫೋಟೊ ಇರುವ ಗುರುತಿನ ಚೀಟಿ ಯಾವುದಾದರೂ ಆಗುತ್ತದೆ. ಆಧಾರ್ ತರುವವರಿಗೆ ಮಾಸ್ಕ್ಡ್ ಆಧಾರ್ ಸಾಕು ಎನ್ನುತ್ತೇನೆ. ಅದರಲ್ಲಿ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುತ್ತವೆ. ಗೇಟಿನ ರಿಜಿಸ್ಟರಿನಲ್ಲಿ ಪೂರ್ತಿ ಸಂಖ್ಯೆ ಬರೆಸುವ ಅಗತ್ಯ ನನಗೆ ಕಂಡಿಲ್ಲ. ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ರಿಲೀವಿಂಗ್ ಲೆಟರ್ ಇವನ್ನು ಈ ಹಂತದಲ್ಲಿ ಕೇಳುವುದೇ ಇಲ್ಲ. ಈಗಲೂ ಕೆಲಸದಲ್ಲಿರುವವನು ರಿಲೀವಿಂಗ್ ಲೆಟರ್ ಎಲ್ಲಿಂದ ತರಬೇಕು? ಅವೆಲ್ಲ ಆಫರ್ ಕೊಟ್ಟ ಮೇಲಿನ ಮಾತು.

ಆ ಸಂಜೆ 6ರೊಳಗೆ ಎರಡೂ ಉತ್ತರ ಬಂದವು. ವಿಜಯಪುರದವನು 1 ಎಂದು ಬರೆದ. ಅವನ ಮೊದಲ ಪಾಳಿ ಮಧ್ಯಾಹ್ನ ಮುಗಿಯುತ್ತಿತ್ತು, ರಜೆಯ ಅಗತ್ಯವೇ ಇರಲಿಲ್ಲ. ಬಾಗಲಕೋಟೆಯವಳು 3, ಶನಿವಾರ ಅಣ್ಣನಿಗೆ ಜೊತೆ ಬರಲು ಆಗುತ್ತದೆ ಎಂದು. ಅಣ್ಣನಿಗೆ ರಿಸೆಪ್ಷನ್‌ನಲ್ಲಿ ಕೂರಲು ವ್ಯವಸ್ಥೆ ಇದೆ ಎಂದು ತಿಳಿಸಿದೆ, ಅವನ ಹೆಸರನ್ನೂ ಗೇಟಿಗೆ ಕೊಟ್ಟೆ. ಉಳಿದ ನಾಲ್ಕು ಸ್ಲಾಟ್‌ಗಳಲ್ಲಿ ಗೋಕಾಕದವನು, ವಡಗಾವಿಯವನು ಮರುದಿನ ಆರಿಸಿಕೊಂಡರು. ಉತ್ತರ ಬಾರದಿದ್ದರೆ ಗಡುವು ಮುಗಿದ ಕೂಡಲೇ ಒಮ್ಮೆ ಫೋನ್ ಮಾಡುತ್ತೇನೆ. ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿರುವುದು ಬಹಳ ಸಲ ಆಗಲೇ ಗೊತ್ತಾಗುತ್ತದೆ. ಫೋನಿಗೂ ಸಿಗದಿದ್ದರೆ ಆ ಸ್ಲಾಟನ್ನು ಬಿಡುತ್ತೇನೆ, ಅಭ್ಯರ್ಥಿಯ ಹೆಸರನ್ನು ಬಿಡುವುದಿಲ್ಲ.

ಆರಿಸಿದ ಮೇಲೆ ಖಚಿತಪಡಿಸುವ ಮೇಲನ್ನು ಹಳೆಯ ಮೇಲ್‌ಗೆ ಉತ್ತರವಾಗಿ ಕಳಿಸುವುದಿಲ್ಲ, ಹೊಸದಾಗಿ ಬರೆಯುತ್ತೇನೆ. ಗೇಟಿನ ಮುಂದೆ ಫೋನ್ ತೆರೆದಾಗ ಹಳೆಯ ಮೂರು ಆಯ್ಕೆಗಳು ಕೆಳಗೆ ಕಾಣಿಸಿಕೊಂಡು ಗೊಂದಲವಾಗಬಾರದು. ಹೊಸ ಮೇಲ್‌ನ ವಿಷಯದ ಸಾಲಿನಲ್ಲೇ ವಾರ, ತಾರೀಖು, ಹೊತ್ತು ಇರುತ್ತವೆ. ಒಳಗೆ ಒಂದೇ ಸ್ಲಾಟ್, ನಕ್ಷೆಯ ಲಿಂಕ್, ಗೇಟಿನಲ್ಲಿ ಕೇಳಬೇಕಾದವರ ಹೆಸರು, ನನ್ನ ನಂಬರ್. ಹಿಂದಿನ ದಿನ ಸಂಜೆ 5ರವರೆಗೆ ಒಮ್ಮೆ ಬದಲಿಸಿಕೊಳ್ಳಬಹುದು, ಕಾರಣ ಹೇಳಬೇಕಿಲ್ಲ ಎಂದೂ ಇರುತ್ತದೆ. ಆ ಹೊತ್ತಿನ ನಂತರ ಏನಾದರೂ ಆದರೆ ಮೇಲ್ ಬೇಡ, ನೇರ ಫೋನ್ ಮಾಡಿ ಎಂದು ಬರೆದಿರುತ್ತೇನೆ.