ಯಾರು ಯಾರನ್ನು ಕರೆಯಬೇಕು?

ಬಳ್ಳಾರಿ ಹತ್ತಿರದ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ನಾನು ಎಚ್‌ಆರ್ ಕೆಲಸದಲ್ಲಿದ್ದೇನೆ. ಹೋದ ವರ್ಷದ ಅಪ್ರೈಸಲ್ ನೋಟಿಸ್ ಬರೆದವಳು ನಾನೇ. ಏಪ್ರಿಲ್ 10ರೊಳಗೆ ಎಲ್ಲರೂ ಸೆಲ್ಫ್ ಅಪ್ರೈಸಲ್ ಫಾರ್ಮ್ ತುಂಬಿ ಕೊಡಬೇಕು, 11ರಿಂದ 25ರವರೆಗೆ ಮೀಟಿಂಗ್, 30ರೊಳಗೆ ಸಹಿಯಾದ ಫಾರ್ಮ್ ನಮ್ಮ ಕೈಗೆ. ಕೊನೆಯಲ್ಲಿ ಒಂದು ಸಾಲು: 'ಮೇಲಧಿಕಾರಿಯೊಂದಿಗೆ ಸಮಯ ಗೊತ್ತುಮಾಡಿಕೊಳ್ಳುವುದು.' ಯಾರು ಗೊತ್ತುಮಾಡಬೇಕು ಅಂತ ನಾನು ಬರೆದಿರಲಿಲ್ಲ.

19ನೇ ತಾರೀಖು ಲೆಕ್ಕ ನೋಡಿದೆ. ಅದಿರು ಕಾಯಿಸುವ ಕುಲುಮೆಯ, ಅಂದರೆ ಕಿಲ್ನ್ ವಿಭಾಗದ ಒಂದು ಶಿಫ್ಟ್‌ನಲ್ಲಿ 24 ಜನ. ಮೀಟಿಂಗ್ ಆಗಿದ್ದು 3 ಮಾತ್ರ. ಮಧ್ಯಾಹ್ನ ಅಲ್ಲಿಗೇ ಹೋದೆ. ಒಬ್ಬ ಆಪರೇಟರ್ ಅಂದರು, "ಸಾಹೇಬ್ರು ಕರೀತಾರಂತ ಕುಂತೀವಿ ಮೇಡಂ. ನಾವಾಗೇ ಹೋಗಿ ಕೇಳಿದ್ರ ಮಾರ್ಕಿಗೆ ಬಂದಾನ ಅಂತಾರ." ಶಿಫ್ಟ್ ಇನ್‌ಚಾರ್ಜ್ ಹೇಳಿದ್ದು ಬೇರೆ. "ಫಾರ್ಮ್ ಅವರದು, ಅವರೇ ಬಂದು ಟೈಮ್ ಕೇಳ್ಲಿ ಅಂತ ಕಾಯ್ತಿದ್ದೆ." ಇಬ್ಬರದೂ ತಪ್ಪಲ್ಲ. ಬಿಟ್ಟುಹೋಗಿದ್ದು ನನ್ನ ಸಾಲಿನಲ್ಲಿ.

ಅಲ್ಲೇ ಕೂತು ಇನ್‌ಚಾರ್ಜ್ ಜೊತೆ ಲೆಕ್ಕ ಹಾಕಿದೆ. ಒಬ್ಬರಿಗೆ ಅರ್ಧ ಗಂಟೆ ಅಂದರೂ 24 ಜನಕ್ಕೆ 12 ಗಂಟೆ ಬೇಕು. ಕಿಲ್ನ್ ನಡೆಯುವಾಗ ಯಾರೂ ಜಾಗ ಬಿಟ್ಟು ಬರೋ ಹಾಗಿಲ್ಲ. ಬೆಳಗಿನ ಪಾಳಿಯ ವಾರದಲ್ಲಿ 2 ಗಂಟೆಗೆ ಪಾಳಿ ಮುಗಿದ ಮೇಲೆ, ಮಧ್ಯಾಹ್ನದ ಪಾಳಿಯ ವಾರದಲ್ಲಿ 2ಕ್ಕೆ ಮುಂಚೆ ಬಂದು ಕೂರಬೇಕು. ದಿನಕ್ಕೆ ಇಬ್ಬರು ಆದರೆ ಹೆಚ್ಚು. ನಾನು ಕೊಟ್ಟ 15 ದಿನದಲ್ಲಿ 7 ದಿನ ಈ ತಂಡಕ್ಕೆ ರಾತ್ರಿ ಪಾಳಿ, ಒಂದು ದಿನ ವಾರದ ರಜೆ. ಉಳಿದ 7 ದಿನಕ್ಕೆ 14 ಜನ. ಮೊದಲ ದಿನವೇ ಶುರು ಮಾಡಿದ್ದರೂ 10 ಜನ ಹೊರಗೇ ಉಳಿಯುತ್ತಿದ್ದರು. ಆಫೀಸಿನ ಕ್ಯಾಲೆಂಡರ್ ನೋಡಿ ತಾರೀಖು ಇಟ್ಟಿದ್ದೆ. ಪಾಳಿ ಪಟ್ಟಿ ನೋಡಿರಲಿಲ್ಲ.

ಹೀಗೆ ದಿನ ಸಾಲದೇ ಹೋದಾಗ ಏನಾಗುತ್ತೆ ಅಂತ ಫಾರ್ಮ್‌ಗಳೇ ಹೇಳುತ್ತವೆ. ಇನ್ನೊಂದು ವಿಭಾಗದಿಂದ ಬಂದ 8 ಫಾರ್ಮ್‌ಗಳಲ್ಲಿ ಸಹಿಯ ತಾರೀಖು ಒಂದೇ, ಅಭಿಪ್ರಾಯದ ಜಾಗದಲ್ಲಿ ಅದೇ ಒಂದು ಸಾಲು. ಮೀಟಿಂಗ್ ಆಗಿತ್ತಾ ಅಂತ ಫೋನ್ ಮಾಡಿ ಕೇಳಿದೆ. ಆಗಿರಲಿಲ್ಲ. ಎಂಟನ್ನೂ ವಾಪಸ್ ಕಳಿಸಿದೆ.

ನನಗೆ ಜಾಸ್ತಿ ಬೇಸರ ತಂದಿದ್ದು ಒಬ್ಬ ಹುಡುಗನ ಫಾರ್ಮ್. ಅಕ್ಟೋಬರ್ ಕೊನೆವರೆಗೆ ಲ್ಯಾಬ್‌ನಲ್ಲಿದ್ದ. ನವೆಂಬರ್ 1ಕ್ಕೆ ಕಿಲ್ನ್ ಕಂಟ್ರೋಲ್ ರೂಮಿಗೆ ಬಂದ. ನಮ್ಮ ಪಟ್ಟಿಯಲ್ಲಿ ಈಗಿನ ಇನ್‌ಚಾರ್ಜ್ ಹೆಸರು ಮಾತ್ರ ಇತ್ತು, ಮೀಟಿಂಗ್ ಅವರ ಜೊತೆಗೇ ಆಯಿತು. ಮಳೆಗಾಲದಲ್ಲಿ ಕಲ್ಲಿದ್ದಲ ರಾಶಿಯ ಮೇಲ್ಪದರ ನೆನೆದಿರುತ್ತೆ, ಒಳಗೆ ಅಷ್ಟು ಇರಲ್ಲ. ಮೇಲಿಂದಷ್ಟೇ ಸ್ಯಾಂಪಲ್ ತೆಗೆದರೆ ತೇವಾಂಶದ ಅಂಕಿ ಸುಳ್ಳಾಗುತ್ತೆ. ಲ್ಯಾಬ್‌ನಲ್ಲಿದ್ದಾಗ ಅವನು ರಾಶಿ ಅಗೆಸಿ, ಬೇರೆ ಬೇರೆ ಆಳದಿಂದ ಸ್ಯಾಂಪಲ್ ತೆಗೆಯೋದನ್ನು ರೂಢಿ ಮಾಡಿದ್ದ. ಅದನ್ನು ಫಾರ್ಮ್‌ನಲ್ಲಿ ಬರೆದೂ ಇದ್ದ. ಆದರೆ ಇನ್‌ಚಾರ್ಜ್‌ಗೆ ಆ ಕೆಲಸ ಗೊತ್ತೇ ಇಲ್ಲ. ತಾವು ನೋಡಿದ ಐದು ತಿಂಗಳಿಗೆ 5ಕ್ಕೆ 3 ಕೊಟ್ಟರು. ಅದೇ ಇಡೀ ವರ್ಷದ ಅಂಕ ಆಗಿಬಿಟ್ಟಿತ್ತು.

ಲ್ಯಾಬ್ ಮುಖ್ಯಸ್ಥರ ಹತ್ತಿರ ಹೋಗಿ ಕೇಳಿದೆ. ಅರ್ಧ ಪುಟ ಬರೆದುಕೊಟ್ಟರು, 4 ಅಂಕ. ಏಳು ತಿಂಗಳ 4, ಐದು ತಿಂಗಳ 3, ಒಟ್ಟು 43, ಅದನ್ನು 12ರಿಂದ ಭಾಗಿಸಿದರೆ ಸುಮಾರು 3.6. ಆ ಟಿಪ್ಪಣಿ ಮುಂದಿಟ್ಟುಕೊಂಡು ಏಪ್ರಿಲ್ 24ಕ್ಕೆ ಅವನೂ ಇನ್‌ಚಾರ್ಜೂ ಮತ್ತೆ ಕೂತರು. ಕಿಲ್ನ್‌ನ ಉಳಿದವರಿಗೆ ಮೇ 10ರವರೆಗೆ ಗಡುವು ಕೇಳಿ ತಂದೆ.

ಈ ವರ್ಷ ನೋಟಿಸ್ ಹಾಕುವ ಮೊದಲು ಪಾಳಿ ಪಟ್ಟಿ ತರಿಸಿಕೊಂಡೆ. ಪಾಳಿ ವಿಭಾಗಗಳಿಗೆ ಮೀಟಿಂಗ್ ಅವಧಿ ನಾಲ್ಕು ವಾರ, ರಾತ್ರಿ ಪಾಳಿಯ ವಾರದಲ್ಲಿ ಮೀಟಿಂಗ್ ಇಲ್ಲ. ಅಲ್ಲಿ ಇನ್‌ಚಾರ್ಜೇ ಸಮಯ ಕೊಟ್ಟು ಕರೆಯಬೇಕು, ಯಾಕಂದರೆ 24 ಜನರ ಪಟ್ಟಿ ಇರೋದು ಅವರ ಕೈಯಲ್ಲಿ. ಎರಡು ವಾರ ಕಳೆದರೂ ಕರೆ ಬರದಿದ್ದರೆ ನೌಕರರು ನನಗೆ ತಿಳಿಸಬೇಕು. ಅಕೌಂಟ್ಸ್‌ನಂಥ ಸಣ್ಣ ವಿಭಾಗದಲ್ಲಿ ನೌಕರರೇ ಸಮಯ ಕೇಳಲಿ ಅಂತ ಬಿಟ್ಟೆ, ಅಲ್ಲಿ ಆರೇ ಜನ, ದಿನವೂ ಮುಖ ನೋಡುವವರು. ವರ್ಷದ ಮಧ್ಯೆ ವಿಭಾಗ ಬದಲಾದವರಿಗೆ ಹಳೆಯ ಮೇಲಧಿಕಾರಿಯ ಟಿಪ್ಪಣಿ ಬಂದ ಮೇಲೇ ಮೀಟಿಂಗ್. ಬಂದು ಮೂರು ತಿಂಗಳೂ ಆಗಿರದಿದ್ದರೆ ಹಳೆಯವರೇ ಕೂರಬೇಕು.

ಕಿಲ್ನ್ ನೋಟಿಸ್ ಬೋರ್ಡಿಗೆ ಅದನ್ನು ಅಂಟಿಸುವಾಗ ಹೋದ ವರ್ಷ ಮಾತಾಡಿದ್ದ ಆಪರೇಟರೇ ಪಕ್ಕ ಬಂದು ಓದಿದರು. ಇನ್‌ಚಾರ್ಜ್ ಕರೆಯಬೇಕು ಅನ್ನುವ ಸಾಲಿನ ಮೇಲೆ ಬೆರಳಿಟ್ಟು, "ಇದರ ಕೆಳಗ ಒಂದ್ ಗೆರಿ ಎಳೀರಿ ಮೇಡಂ" ಅಂದರು. ಎಳೆದೆ.